ಹನ್ನೊಂದೂವರೆಗೆ ಮೈಕು, ಎಷ್ಟಕ್ಕೆ ಬಸ್ಸು?

‘ತಮ್ಮ ಪ್ರಯಾಣ ಮತ್ತು ವಸತಿಯ ವ್ಯವಸ್ಥೆಯನ್ನು ಮಾಡಲಾಗುವುದು. ಯಥೋಚಿತ ಪ್ರಯಾಣ ವೆಚ್ಚವನ್ನು ನೀಡಲಾಗುವುದು. ಸಕಾಲಕ್ಕೆ ಆಗಮಿಸಿ ಕಾರ್ಯಕ್ರಮದ ಯಶಸ್ಸಿಗೆ ಸಹಕರಿಸಬೇಕಾಗಿ ವಿನಂತಿ.’

ವಿಚಾರ ಸಂಕಿರಣ, ಸಾಹಿತ್ಯೋತ್ಸವಗಳಿಗೆ ಒಪ್ಪಿಕೊಂಡ ಭಾಷಣಕಾರರಿಗೆ ಸಂಘಟಕರು ಕಳಿಸುವ ಇಮೇಲುಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ವಿನಯಕ್ಕೇನೂ ಕಡಿಮೆಯಿಲ್ಲ. ಆದರೆ ಟಿಕೆಟ್ ತೆಗೆಸುವವರು ಯಾರು, ಇಳಿಯಬೇಕಾದ್ದು ಎಲ್ಲಿ, ಮಾತಿಗೆ ಎಷ್ಟು ನಿಮಿಷ, ಕೈಯಿಂದ ಹಾಕಿದ ದುಡ್ಡು ವಾಪಸು ಬರುವುದು ಯಾವಾಗ? ಓದಿ ಮುಗಿಸಿದ ಮೇಲೂ ಇವೆಲ್ಲ ಇದ್ದಲ್ಲೇ ಇರುತ್ತವೆ. ಭಾಷಣಕಾರರು ಸಂಕೋಚದವರಾದರೆ ಕೇಳದೆ ಸುಮ್ಮನಿದ್ದುಬಿಡುತ್ತಾರೆ. ಕೇಳುವವರಾದರೆ ಸಂಘಟಕರ ಫೋನು ಕಾರ್ಯಕ್ರಮದ ಹಿಂದಿನ ದಿನವಿಡೀ ಬಡಿದುಕೊಳ್ಳುತ್ತದೆ. ಹದಿನಾರು ಮಂದಿ ಭಾಷಣಕಾರರು, ಒಬ್ಬೊಬ್ಬರದು ನಾಲ್ಕೈದು ಕರೆ ಎಂದರೆ ಪೆಂಡಾಲಿನವನ ಜೊತೆ ಮಾತಾಡಲೂ ಸಮಯ ಉಳಿಯುವುದಿಲ್ಲ.

ಈ ಇಮೇಲನ್ನು ಭಾಷಣಕಾರರು ಮೂರು ಸಲ ಓದುತ್ತಾರೆ. ಬಂದ ದಿನ ಒಂದು ಸಲ, ಹೊರಡುವ ಹಿಂದಿನ ರಾತ್ರಿ ಒಂದು ಸಲ, ಕೊನೆಯದಾಗಿ ಬೆಳಗಿನ ಜಾವ ಬಸ್ಸಿಳಿದು ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲು ತಡಕಾಡುತ್ತ. ಬರೆಯಬೇಕಾದ್ದು ಈ ಮೂರನೆಯ ಓದಿಗೆ. ಹಾಗೆ ಬರೆಯಲು ಒಂದು ಸುಲಭದ ದಾರಿ ಇದೆ: ಮೈಕಿನ ಮುಂದೆ ನಿಲ್ಲುವ ನಿಮಿಷವನ್ನು ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಅವರ ಮನೆಬಾಗಿಲವರೆಗೆ ಬರುವುದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಧಾರವಾಡದಲ್ಲಿ ಶನಿವಾರ, ಭಾನುವಾರ ಎರಡು ದಿನದ ವಿಚಾರ ಸಂಕಿರಣ. ಶನಿವಾರ ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ. ಹನ್ನೊಂದೂವರೆಯಿಂದ ಹನ್ನೆರಡೂಕಾಲರವರೆಗೆ ಮೊದಲ ಗೋಷ್ಠಿ. ಮಾತಾಡುವವರು ಮಂಗಳೂರಿನ ಒಬ್ಬ ಪ್ರಾಧ್ಯಾಪಕಿ, ಅವರ ಬಳಿ ತಾಳೆಗರಿಗಳ ಚಿತ್ರಗಳಿರುವ ಪಿಪಿಟಿ ಇದೆ. ಮಧ್ಯಾಹ್ನ ಮೂರಕ್ಕೆ ಎರಡನೆಯ ಗೋಷ್ಠಿ. ಅದಕ್ಕೆ ಬರುವವರು ಬೆಂಗಳೂರಿನ ಒಬ್ಬ ಪತ್ರಕರ್ತ.

ಮೊದಲು ಪ್ರಾಧ್ಯಾಪಕಿಯ ಲೆಕ್ಕ. ಮೈಕು ಹನ್ನೊಂದೂವರೆಗೆ. ಉದ್ಘಾಟನೆ ಶುರುವಾದ ಮೇಲೆ ವೇದಿಕೆ ಯಾರ ಕೈಗೂ ಸಿಗುವುದಿಲ್ಲವಾದ್ದರಿಂದ ಧ್ವನಿ ಪರೀಕ್ಷೆ ಒಂಬತ್ತರಿಂದ ಒಂಬತ್ತೂ ನಲವತ್ತರೊಳಗೇ ಮುಗಿಯಬೇಕು. ಅದರಲ್ಲಿ ಅವರ ಪಾಲು ಒಂಬತ್ತೂಕಾಲಕ್ಕೆ, ಹತ್ತು ನಿಮಿಷ. ಹಾಗಾದರೆ ಲಾಡ್ಜಿನಿಂದ ಕಾರು ಹೊರಡುವುದು ಎಂಟೂ ಮುಕ್ಕಾಲಿಗೆ, ತಿಂಡಿ ಎಂಟಕ್ಕೆ. ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದರೆ ಇಳಿಯುವುದು ಸುಮಾರು ಆರಕ್ಕೆ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ. ಆದರೆ ಘಟ್ಟದ ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಎರಡು ತಾಸು ಹೋಯಿತು. ಧ್ವನಿ ಪರೀಕ್ಷೆಯೂ ಅದರ ಜೊತೆಗೇ ಹೋಯಿತು. ಬೆಳಗಿನ ಗೋಷ್ಠಿಯವರಿಗೆ ಶುಕ್ರವಾರ ಸಂಜೆಯೇ ಬರಲು ಇಮೇಲಿನಲ್ಲಿ ನೇರವಾಗಿ ಹೇಳಬೇಕಾದ್ದು ಇದಕ್ಕೇ. ಶುಕ್ರವಾರ ರಾತ್ರಿಯ ರೂಮು ನಮ್ಮ ಖರ್ಚು ಎಂಬುದೂ ಅದೇ ವಾಕ್ಯದಲ್ಲಿ ಇರಲಿ. ಇಲ್ಲದಿದ್ದರೆ ಒಂದು ರಾತ್ರಿಯ ಹೆಚ್ಚಿನ ಬಾಡಿಗೆ ತಮ್ಮ ಮೇಲೆ ಬೀಳಬಹುದು ಎಂದುಕೊಂಡು ಅವರು ರಾತ್ರಿ ಬಸ್ಸನ್ನೇ ಹಿಡಿಯುತ್ತಾರೆ.

ರಜೆ ಸಿಗದೆ ರಾತ್ರಿ ಬಸ್ಸಿಗೇ ಬರುತ್ತೇನೆ ಎಂದರೆ ರೂಮಿನ ವಿಷಯ ಬರುತ್ತದೆ. ಬಹಳಷ್ಟು ಹೋಟೆಲುಗಳಲ್ಲಿ ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೆ. ಬೆಳಗ್ಗೆ ಆರಕ್ಕೆ ಹೋದವರನ್ನು ಸೋಫಾದ ಮೇಲೆ ಕೂರಿಸುತ್ತಾರೆ. ಸ್ನಾನ ಮಾಡಿ ಸೀರೆ ಬದಲಿಸಿ ಒಂಬತ್ತಕ್ಕೆ ವೇದಿಕೆಗೆ ಬರಬೇಕಾದವರಿಗೆ ಇದಕ್ಕಿಂತ ಕೆಟ್ಟ ಸ್ವಾಗತ ಬೇರೆ ಇಲ್ಲ. 24 ತಾಸಿನ ಚೆಕ್‌ಔಟ್ ಇರುವ ಲಾಡ್ಜು ಹಿಡಿಯಬೇಕು, ಇಲ್ಲವೇ ಹಿಂದಿನ ದಿನದಿಂದಲೇ ರೂಮು ಬರೆಸಬೇಕು. ‘ರೂಮು ಬೆಳಗ್ಗೆ 5.30ರಿಂದ ನಿಮ್ಮ ಹೆಸರಿನಲ್ಲಿದೆ, ಕೌಂಟರಿನಲ್ಲಿ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ತೋರಿಸಿದರೆ ಸಾಕು, ಹಣ ಕೊಡಬೇಡಿ’ ಎಂದು ಬರೆದ ಇಮೇಲು ಆ ಹೊತ್ತಿನಲ್ಲಿ ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನು ಪತ್ರಕರ್ತರು. ಬೆಂಗಳೂರಿನಿಂದ ಧಾರವಾಡಕ್ಕೆ 2023ರ ಜೂನ್‌ನಲ್ಲಿ ವಂದೇ ಭಾರತ್ ಶುರುವಾದಾಗಿನಿಂದ ಸಂಘಟಕರಿಗೆ ಅದರ ಮೇಲೆ ಬಹಳ ಪ್ರೀತಿ. ನಸುಕಿನಲ್ಲಿ ಬೆಂಗಳೂರು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಧಾರವಾಡ ಮುಟ್ಟಿಸುತ್ತದೆ, ಆರಾಮದ ಗಾಡಿ. ಹನ್ನೊಂದೂವರೆಯ ಗೋಷ್ಠಿಗೆ ಅದು ಕೆಲಸಕ್ಕೆ ಬಾರದು ಎಂಬುದು ಯಾರಿಗಾದರೂ ಹೊಳೆಯುತ್ತದೆ. ಹೊಳೆಯದಿರುವುದು ಮೂರರ ಗೋಷ್ಠಿಯ ತೊಡಕು. ಗೋಷ್ಠಿಗೆ ಅವರು ಧಾರಾಳವಾಗಿ ಬಂದಿರುತ್ತಾರೆ, ಆದರೆ ಬೆಳಗ್ಗೆ ಒಂಬತ್ತರ ಧ್ವನಿ ಪರೀಕ್ಷೆಯ ಹೊತ್ತಿಗೆ ಅವರಿನ್ನೂ ತುಮಕೂರು ದಾಟಿ ಎಲ್ಲೋ ಇರುತ್ತಾರೆ. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಿ ‘ಧ್ವನಿ ಪರೀಕ್ಷೆ ಬೆಳಗ್ಗೆ 9ಕ್ಕೆ’ ಎಂದರೆ ಅವರು ಹಿಂದಿನ ದಿನವೇ ಹೊರಡಬೇಕೋ ಬೇಡವೋ ಎಂದು ಗಲಿಬಿಲಿಗೊಳ್ಳುತ್ತಾರೆ. ಇಂಥವರಿಗಾಗಿ ಊಟದ ಬಿಡುವಿನಲ್ಲಿ, ಎರಡರಿಂದ ಎರಡೂವರೆಯವರೆಗೆ, ಇನ್ನೊಂದು ಪರೀಕ್ಷೆ ಇಟ್ಟು ಅದನ್ನು ಅವರ ಇಮೇಲಿನಲ್ಲಿ ಬರೆಯಬೇಕು. ಸೌಂಡಿನವರಿಗೂ ಇದನ್ನು ಮೊದಲೇ ತಿಳಿಸಿರಬೇಕು. ಇಲ್ಲವಾದರೆ ಆ ಅರ್ಧ ತಾಸು ಅವರು ಊಟದ ಸರದಿಯಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ, ಮಿಕ್ಸರ್ ಮುಟ್ಟಲು ಬೇರೆ ಯಾರಿಗೂ ಬಿಡುವುದಿಲ್ಲ.

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕಿಳಿದಿದೆ. ಮೊದಲು 120 ಇತ್ತು. ವಾರಾಂತ್ಯದ ಸೀಟುಗಳು ಬೇಗ ತುಂಬುವುದರಿಂದ ಮೊದಲ ಇಮೇಲು ಈ ಬುಕಿಂಗ್ ತೆರೆಯುವ ಹೊತ್ತಿಗೆ ಹೋದರೆ ಒಳ್ಳೆಯದು. ಅದರಲ್ಲಿ ಟಿಕೆಟ್ ನಾವು ತೆಗೆಸುತ್ತೇವೆಯೋ ನೀವು ತೆಗೆಸುತ್ತೀರೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲಿ. ‘ನಿಮ್ಮ ಅನುಕೂಲದಂತೆ’ ಎಂದು ಬರೆದರೆ ಇಬ್ಬರೂ ತೆಗೆಸುವುದಿಲ್ಲ, ಕೆಲವೊಮ್ಮೆ ಇಬ್ಬರೂ ತೆಗೆಸುತ್ತಾರೆ.

ಇಳಿಯುವ ಜಾಗದ ಬಗ್ಗೆ ಒಂದು ಮಾತು. ವಿಮಾನದಲ್ಲಿ ಬರುವವರು ಇಳಿಯುವುದು ಹುಬ್ಬಳ್ಳಿಯಲ್ಲಿ, ಧಾರವಾಡ ಅಲ್ಲಿಂದ ಸುಮಾರು 20 ಕಿ.ಮೀ. ರೈಲಿನವರಲ್ಲಿ ಕೆಲವರು ಹುಬ್ಬಳ್ಳಿಗೇ ಟಿಕೆಟ್ ತೆಗೆದಿರುತ್ತಾರೆ. ‘ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಮ್ಮ ಕಾರ್ಯಕರ್ತರು ಕಾಯುತ್ತಿರುತ್ತಾರೆ’ ಎಂದು ಬರೆಯುವುದು ಬೇರೆ ಊರಿನಲ್ಲಿ ನಡೆದೀತು. ಹುಬ್ಬಳ್ಳಿಯಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು, ಸುಮಾರು ಒಂದೂವರೆ ಕಿ.ಮೀ. ‘ಸರ, ಎಲ್ಲಿ ಅದೀರಿ? ನಾ ಪ್ಲಾಟ್‌ಫಾರ್ಮಿನ್ಯಾಗ ನಿಂತೇನ್ರಿ’ ಎಂದು ಡ್ರೈವರು, ‘ನಾನೂ ಪ್ಲಾಟ್‌ಫಾರ್ಮಿನಲ್ಲೇ ಇದ್ದೀನಪ್ಪ’ ಎಂದು ಅತಿಥಿ. ಇಬ್ಬರ ಮಾತೂ ಸತ್ಯ, ನಡುವೆ ಒಂದು ಕಿಲೋಮೀಟರು. ಯಾವ ಬಾಗಿಲ ಹೊರಗೆ, ಯಾವ ಬಣ್ಣದ ಕಾರು, ನಂಬರಿನ ಕೊನೆಯ ನಾಲ್ಕು ಅಂಕಿ, ಡ್ರೈವರ ಹೆಸರು ಮತ್ತು ಮೊಬೈಲು ಇವಿಷ್ಟು ಬೇಕು. ಡ್ರೈವರು ಯಾರೆಂದು ತಿಂಗಳ ಮೊದಲು ಗೊತ್ತಿರುವುದಿಲ್ಲ, ಹಾಗಾಗಿ ಇದು ಎರಡು ದಿನ ಮೊದಲು ಹೋಗುವ ಎರಡನೆಯ, ಚಿಕ್ಕ ಇಮೇಲಿನ ಕೆಲಸ. ಮೊದಲ ಇಮೇಲಿನಲ್ಲಿ ‘ಡ್ರೈವರ ವಿವರ ಗುರುವಾರ ಸಂಜೆ ಕಳಿಸುತ್ತೇವೆ’ ಎಂದು ದಿನ ಹೇಳಿಬಿಟ್ಟರೆ ಬುಧವಾರ ಯಾರೂ ಫೋನು ಮಾಡಿ ಕೇಳುವುದಿಲ್ಲ. ರಾತ್ರಿಯ ಖಾಸಗಿ ಬಸ್ಸುಗಳದು ಇನ್ನೊಂದು ಕಥೆ. ಕೆಲವು ಊರೊಳಗೆ ಬಾರದೆ ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ‘ಜ್ಯುಬಿಲಿ ಸರ್ಕಲ್ಲಿಗೆ ಬರುವ ಬಸ್ಸೇ ಎಂದು ಬುಕ್ ಮಾಡುವಾಗ ನೋಡಿಕೊಳ್ಳಿ’ ಎಂಬ ಮಾತು ಸ್ಥಳೀಯರಿಗೆ ಮಾತ್ರ ಬರೆಯಲು ಸಾಧ್ಯ.

ಸಮಯದ ವಿಷಯಕ್ಕೆ ಬಂದರೆ, ‘ನಿಮ್ಮ ಗೋಷ್ಠಿ 11.30ರಿಂದ 12.15’ ಎಂದಷ್ಟೇ ಬರೆದರೆ ಓದುವವರು ತಮಗೆ 45 ನಿಮಿಷ ಸಿಕ್ಕಿತು ಎಂದು ತಿಳಿದು ಅಷ್ಟಕ್ಕೂ ಮಾತು ಸಿದ್ಧಪಡಿಸುತ್ತಾರೆ. ಆ 45ರಲ್ಲಿ ನಿರೂಪಕರ ಮಾತು, ಅತಿಥಿ ಪರಿಚಯ, ಕೊನೆಗೆ ಶಾಲು ಮತ್ತು ಪುಸ್ತಕದ ಗೌರವ ಎಲ್ಲ ಸೇರಿ ಎಂಟು ನಿಮಿಷ. ಸಭಿಕರ ಪ್ರಶ್ನೆಗಳಿಗೆ ಹನ್ನೆರಡು. ಉಳಿದದ್ದು 25. ಇಮೇಲಿನಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಸಂಖ್ಯೆ ಈ 25. ನಮ್ಮ ಸಮಾರಂಭಗಳಲ್ಲಿ ಉದ್ಘಾಟನೆ ಹೊತ್ತಿಗೆ ಮುಗಿಯುವುದು ಅಪರೂಪ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಪುಸ್ತಕ ಬಿಡುಗಡೆ, ತಡವಾಗಿ ಬಂದ ಗಣ್ಯರಿಗಾಗಿ ನಡುವೆ ಇನ್ನೊಂದು ಹಾರ. ಅದೆಲ್ಲದರ ಬೆಲೆ ತೆರುವುದು ಮೊದಲ ಗೋಷ್ಠಿ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ‘ಉದ್ಘಾಟನೆ ತಡವಾದರೂ ನಿಮ್ಮ 25 ನಿಮಿಷ ಕಡಿಮೆ ಆಗುವುದಿಲ್ಲ, ಪ್ರಶ್ನೋತ್ತರವನ್ನು ಮೊಟಕು ಮಾಡುತ್ತೇವೆ’ ಎಂದೋ, ‘ತಡವಾದರೆ 18 ನಿಮಿಷಕ್ಕೆ ಇಳಿಸಬೇಕಾದೀತು, ದಯವಿಟ್ಟು ಬಿಡಬಹುದಾದ ಭಾಗವನ್ನು ಮೊದಲೇ ಗುರುತು ಮಾಡಿಕೊಳ್ಳಿ’ ಎಂದೋ ಮೊದಲೇ ಬರೆದುಬಿಡುವುದು ಲೇಸು. ವೇದಿಕೆಯ ಮೇಲೆ ಚೀಟಿ ಕಳಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಚೀಟಿ ಬರುತ್ತದೆಂದು ಮೊದಲೇ ಗೊತ್ತಿಲ್ಲದ ಹಿರಿಯರು ಅದನ್ನು ಅವಮಾನ ಎಂದೇ ತಿಳಿಯುತ್ತಾರೆ. ‘ಐದು ನಿಮಿಷ ಉಳಿದಾಗ ಮುಂದಿನ ಸಾಲಿನಲ್ಲಿ ಕುಳಿತವರು ಹಳದಿ ಕಾರ್ಡು ತೋರಿಸುತ್ತಾರೆ’ ಎಂಬ ಒಂದು ಸಾಲು ಇಮೇಲಿನಲ್ಲಿದ್ದರೆ ಅದೇ ಕಾರ್ಡು ಸಹಾಯ ಎನಿಸುತ್ತದೆ.

ಧ್ವನಿ ಪರೀಕ್ಷೆ ಎಂದರೆ ಹಲೋ ಹಲೋ, ಒನ್ ಟೂ ತ್ರೀ ಎಂದು ಯಾರೋ ಕೂಗಿ ಇಳಿಯುವುದು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಸೌಂಡಿನವನ ಕಂಠಕ್ಕೆ ಮೈಕು ಸರಿಹೋದರೆ ಅತಿಥಿಯ ಕಂಠಕ್ಕೂ ಸರಿಹೋಯಿತು ಎಂದೇನಿಲ್ಲ. ಒಬ್ಬರು ಪಿಸುದನಿಯವರು, ಇನ್ನೊಬ್ಬರು ಮೈಕಿಲ್ಲದೆಯೂ ಕೊನೆಯ ಸಾಲಿಗೆ ಕೇಳಿಸುವವರು. ಮಿಕ್ಸರಿನಲ್ಲಿ ಮಟ್ಟ ಹೊಂದಿಸಬೇಕಾದರೆ ಅವರೇ, ಅವರು ನಿಲ್ಲುವ ಜಾಗದಲ್ಲೇ ನಿಂತು, ಭಾಷಣದ ಮೊದಲ ನಾಲ್ಕು ವಾಕ್ಯಗಳನ್ನು ಭಾಷಣದ ದನಿಯಲ್ಲೇ ಆಡಬೇಕು. ಇದನ್ನು ಇಮೇಲಿನಲ್ಲಿ ಹೇಳಿದ್ದರೆ ಅವರು ವಾಕ್ಯ ಸಿದ್ಧಮಾಡಿಕೊಂಡೇ ಬರುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಖಾಲಿ ಸಭಾಂಗಣ ಗೊಯ್ಯೆನ್ನುತ್ತದೆ ಎಂದು ಗಾಬರಿಯಾಗಬೇಕಿಲ್ಲ ಎಂದೂ ತಿಳಿಸಬಹುದು. ಜನ ತುಂಬಿದರೆ ಅವರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಮಾರ್ದನಿ ತಗ್ಗುತ್ತದೆ. ಆಗ ಸೌಂಡಿನವರು ಮಟ್ಟವನ್ನು ಒಂದಿಷ್ಟು ಏರಿಸಬೇಕಾಗುತ್ತದೆ.

ಯಾವ ಮೈಕು ಎಂಬುದು ಉಡುಪಿಗೂ ಸಂಬಂಧಪಟ್ಟ ಸಂಗತಿ. ಕಾಲರ್ ಮೈಕಿನ ಜೊತೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದೊಂದು ಟ್ರಾನ್ಸ್‌ಮಿಟರ್ ಇರುತ್ತದೆ. ಅದನ್ನು ಜೇಬಿನಲ್ಲಿ ಇಡಬೇಕು, ಇಲ್ಲವೇ ಸೊಂಟಕ್ಕೆ ಸಿಕ್ಕಿಸಬೇಕು. ಸೀರೆಯಲ್ಲಾದರೆ ಸೊಂಟದ ಹಿಂದೆ ನೆರಿಗೆಯ ಪಟ್ಟಿಗೆ ಸಿಕ್ಕಿಸಲು ಇನ್ನೊಬ್ಬ ಹೆಂಗಸು ಪಕ್ಕದಲ್ಲಿದ್ದರೆ ಅನುಕೂಲ. ಮೈಕಿನ ತುದಿ ಸೆರಗಿನ ಜರಿಗೋ ಕೊರಳ ಸರಕ್ಕೋ ತಾಗುತ್ತಿದ್ದರೆ 25 ನಿಮಿಷವೂ ಸಭೆಗೆ ಕರಕರ ಸದ್ದು ಕೇಳುತ್ತಿರುತ್ತದೆ. ಮಾತಾಡುವವರಿಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಕಾಲರಿಲ್ಲದ ಜುಬ್ಬಾದಲ್ಲಿ ಮೈಕು ಗುಂಡಿಪಟ್ಟಿಯ ಮೇಲೆ ಕೂರಬೇಕು. ಅದಕ್ಕೇ ಇಮೇಲಿನಲ್ಲಿ ಒಂದು ಆಯ್ಕೆ ಕೊಡಿ: ನಿಂತಲ್ಲೇ ಮಾತಾಡುವವರಿಗೆ ಪೋಡಿಯಂ ಮೈಕು, ತೆರೆಯ ಹತ್ತಿರ ಓಡಾಡಿ ತೋರಿಸುವವರಿಗೆ ಕಾಲರ್ ಮೈಕು ಅಥವಾ ಕೈಮೈಕು. ಪೋಡಿಯಂ ಮೈಕಿಗೂ ಬಾಯಿಗೂ ಒಂದು ಗೇಣಿನೊಳಗೆ ಅಂತರ, ಕೈಮೈಕಾದರೆ ನಾಲ್ಕು ಬೆರಳು. ಕೈಮೈಕು ಹಿಡಿದು ವೇದಿಕೆಯ ಅಂಚು ದಾಟಿ ಸ್ಪೀಕರ್ ಪೆಟ್ಟಿಗೆಗಳ ಮುಂದೆ ಹೋದರೆ, ಪೆಟ್ಟಿಗೆಯಿಂದ ಹೊರಟ ಸದ್ದು ಮತ್ತೆ ಮೈಕನ್ನೇ ಹೊಕ್ಕು ಕುಂಯ್ಯೆಂದು ಕೂಗು ಏಳುತ್ತದೆ. ಅದಕ್ಕೆ ಸೌಂಡಿನವರನ್ನು ಬೈದು ಫಲವಿಲ್ಲ. ಧ್ವನಿ ಪರೀಕ್ಷೆಯ ವೇಳೆ ನೆಲದ ಮೇಲೊಂದು ಟೇಪು ಅಂಟಿಸಿ ‘ಇದನ್ನು ದಾಟಬೇಡಿ’ ಎಂದು ತೋರಿಸಿದ್ದರೆ ಮುಗಿಯುತ್ತಿತ್ತು.

ಪ್ರಾಧ್ಯಾಪಕಿಯ ಪಿಪಿಟಿಗೆ ಬಂದರೆ, ಕನ್ನಡದವರಿಗೆಂದೇ ಮೀಸಲಾದ ಒಂದು ಅಪಾಯ ಕಾದಿರುತ್ತದೆ. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಸ್ಲೈಡು ಮಾಡಿದ್ದರೆ, ಆ ಫಾಂಟು ಇಲ್ಲದ ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಮೂಡುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟು ಹೋದರೆ ಕೆಳಗಿನ ಸಂಕೇತವಷ್ಟೇ ಉಳಿಯುತ್ತದೆ. ತಾಳೆಗರಿಯ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಅದರ ಕೆಳಗಿನ ವಿವರಣೆ ಮಾತ್ರ ಯಾರಿಗೂ ಓದಲು ಬಾರದು. ಇದಕ್ಕೆ ಇಮೇಲಿನಲ್ಲಿ ಎರಡು ಸಾಲು ಸಾಕು: ಪಿಪಿಟಿಯ ಜೊತೆಗೆ ಅದರ ಪಿಡಿಎಫ್ ಪ್ರತಿಯನ್ನೂ ಬುಧವಾರದೊಳಗೆ ಕಳಿಸಿ, ಫಾಂಟು ಅದರೊಳಗೇ ಅಡಕವಾಗಿರುತ್ತದೆ, ವಿಡಿಯೊ ಇದ್ದರೆ ಬೇರೆ ಫೈಲಾಗಿ ಕಳಿಸಿ. ತಮ್ಮದೇ ಲ್ಯಾಪ್‌ಟಾಪ್ ತರುತ್ತೇನೆ ಎನ್ನುವವರಿಗೆ ನಮ್ಮ ಪ್ರೊಜೆಕ್ಟರಿಗೆ ಇರುವುದು ಎಚ್‌ಡಿಎಂಐ ವೈರು, ಸಣ್ಣ ಟೈಪ್-ಸಿ ಕಿಂಡಿ ಮಾತ್ರ ಇರುವ ಲ್ಯಾಪ್‌ಟಾಪಾದರೆ ಕನೆಕ್ಟರ್ ನೀವೇ ತರಬೇಕೋ ನಮ್ಮಲ್ಲಿದೆಯೋ ಎಂದು ತಿಳಿಸಬೇಕು. ವಿಡಿಯೊದಲ್ಲಿ ಸದ್ದು ಇದ್ದರೆ ಸೌಂಡಿನವರಿಗೆ ಇನ್ನೊಂದು ವೈರು ಎಳೆಯಬೇಕಾಗುತ್ತದೆ, ಅದು ಗೋಷ್ಠಿಯ ನಡುವೆ ಆಗುವ ಕೆಲಸವಲ್ಲ. ಕರೆಂಟು ಹೋದರೆ ಜನರೇಟರ್ ಹಿಡಿಯಲು ಕೆಲವು ಸೆಕೆಂಡು ಬೇಕು, ಆದರೆ ಆರಿದ ಪ್ರೊಜೆಕ್ಟರ್ ಮತ್ತೆ ಬೆಳಗಲು ಒಂದೆರಡು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಚಿತ್ರವಿಲ್ಲದೆ ಹೇಳಬಹುದಾದ ಒಂದು ಪ್ರಸಂಗ ತಲೆಯಲ್ಲಿರಲಿ ಎಂದು ಕೆಲವು ಸಂಘಟಕರು ಬರೆಯುತ್ತಾರೆ. ಅತಿ ಎನಿಸಬಹುದು, ಮಳೆಗಾಲದ ಕಾರ್ಯಕ್ರಮಕ್ಕೆ ಅತಿ ಅಲ್ಲ.

ಕೊನೆಗೆ ದುಡ್ಡು. ನಮ್ಮಲ್ಲಿ ಇದನ್ನು ಬರೆಯಲು ಎಲ್ಲಿಲ್ಲದ ಸಂಕೋಚ. ವೇದಿಕೆಯ ಹಿಂದೆ ಕವರು ಕೊಡುವ ಪದ್ಧತಿಗೆ ಒಗ್ಗಿಹೋದವರು ನಾವು. ‘ಯಥೋಚಿತ’ ಎಂದರೆ ಎಷ್ಟು ಎಂದು ತಿಳಿಯದ ಅತಿಥಿ ಎಸಿ ಸ್ಲೀಪರ್ ಬಸ್ಸಿನ ಟಿಕೆಟ್ ತೆಗೆಯಬೇಕೋ ಸಾದಾ ಬಸ್ಸಿನದೋ ಎಂದು ತೂಗಿ ನೋಡಿ, ಕೊನೆಗೆ ಸೊಂಟ ನೋಯಿಸಿಕೊಂಡು ಬರುತ್ತಾರೆ. ಪ್ರಾಧ್ಯಾಪಕಿಯ ಖರ್ಚು ಹೀಗಿದೆ ಎಂದುಕೊಳ್ಳಿ: ಬರುವ ಬಸ್ಸು 1,150 ರೂ., ಹೋಗುವ ಬಸ್ಸು 1,050, ಮಂಗಳೂರಿನಲ್ಲಿ ಎರಡು ಸಲ ಆಟೊ 380. ಒಟ್ಟು 2,580. ಬಸ್ಸಿನ ಟಿಕೆಟ್ಟುಗಳು ಮೊಬೈಲಿನಲ್ಲಿವೆ. ಆಟೊಗೆ ಬಿಲ್ಲಿಲ್ಲ. ಇಮೇಲಿನಲ್ಲಿ ‘ಬಿಲ್ಲು ಕಡ್ಡಾಯ’ ಎಂದಷ್ಟೇ ಇದ್ದರೆ ಆ 380 ಹೋದಂತೆಯೇ. ‘ಆಟೊ ಖರ್ಚು 500 ರೂ.ವರೆಗೆ ಬಿಲ್ಲು ಬೇಡ, ದಿನಾಂಕ ಮತ್ತು ದಾರಿ ಬರೆದು ಸಹಿ ಹಾಕಿದ ಚೀಟಿ ಸಾಕು’ ಎಂದಿದ್ದರೆ ಎಲ್ಲರಿಗೂ ನೆಮ್ಮದಿ. ಸ್ವಂತ ಕಾರಿನಲ್ಲಿ ಬರುವವರಿಗೆ ಕಿ.ಮೀ.ಗೆ ಎಷ್ಟು, ವಿಮಾನದವರಿಗೆ ಎಷ್ಟರೊಳಗೆ ಎಂಬ ಮಿತಿಯನ್ನು ಟಿಕೆಟ್ ತೆಗೆಯುವ ಮೊದಲೇ ಹೇಳಬೇಕು. ತೆಗೆದ ಮೇಲೆ ಹೇಳಿದರೆ ಜಗಳ.

ಗೌರವಧನವನ್ನೂ ಪ್ರಯಾಣ ವೆಚ್ಚವನ್ನೂ ಒಟ್ಟು ಸೇರಿಸಿ ‘ಏಳೂವರೆ ಸಾವಿರ ಕೊಡುತ್ತೇವೆ’ ಎನ್ನುವ ಅಭ್ಯಾಸ ಇದೆ. ಅದು ಇಬ್ಬರಿಗೂ ತೊಂದರೆ. ಬಿಲ್ಲಿನ ಪ್ರಕಾರ ಮರಳಿಸಿದ ಬಸ್ಸಿನ ದುಡ್ಡು ಭಾಷಣಕಾರರ ಸಂಪಾದನೆಯಲ್ಲ, ಗೌರವಧನ ಸಂಪಾದನೆ. ಎರಡನ್ನೂ ಒಂದೇ ಮೊತ್ತ ಮಾಡಿದರೆ ಲೆಕ್ಕಪತ್ರದಲ್ಲಿ ಇಡೀ ಮೊತ್ತ ಗೌರವಧನವಾಗಿ ಕೂರುತ್ತದೆ. ವೃತ್ತಿಪರ ಶುಲ್ಕಕ್ಕೆ ಮೂಲದಲ್ಲೇ ಶೇ 10 ತೆರಿಗೆ ಹಿಡಿಯುವ ಮಿತಿಯನ್ನು 2025ರ ಏಪ್ರಿಲ್‌ನಿಂದ ವರ್ಷಕ್ಕೆ 50,000 ರೂ.ಗೆ ಏರಿಸಿದ್ದಾರೆ, ಒಂದು ಭಾಷಣದ ಐದು ಸಾವಿರಕ್ಕೆ ಆ ಪ್ರಶ್ನೆ ಏಳುವುದಿಲ್ಲ. ಆದರೆ ಅದೇ ಸಂಸ್ಥೆ ವರ್ಷವಿಡೀ ಹಲವು ಸಲ ಕರೆಸುವ ದೊಡ್ಡ ಹೆಸರುಗಳ ವಿಷಯದಲ್ಲಿ ಏಳುತ್ತದೆ. ಆಗ ಪ್ಯಾನ್ ಕೊಡದಿದ್ದರೆ ಹಿಡಿತ ಶೇ 20ಕ್ಕೆ ಏರುತ್ತದೆ. ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ, ಪಾಸ್‌ಬುಕ್ಕಿನ ಮೊದಲ ಪುಟ ಇವನ್ನು ಮೊದಲ ಇಮೇಲಿನಲ್ಲೇ ಒಂದೇ ಸಲ ಕೇಳಿಕೊಳ್ಳುವುದು ವಾಸಿ, ಅದೂ ಕಾರ್ಯಕ್ರಮದ ವಾಟ್ಸ್‌ಆ್ಯಪ್ ಗುಂಪಿನಲ್ಲಲ್ಲ, ಖಜಾಂಚಿಯ ವಿಳಾಸಕ್ಕೆ ನೇರವಾಗಿ. ನಗದಾಗಿ ಕೊಡುವ ಪದ್ಧತಿಯಾದರೆ 5,000 ರೂ. ಮೀರಿದ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು ಬೇಕು. ಅದನ್ನು ಹುಡುಕಿಕೊಂಡು ಅಂಚೆ ಕಚೇರಿಗೆ ಓಡಿದ ಕಾರ್ಯಕರ್ತ ಬರುವಷ್ಟರಲ್ಲಿ ಅತಿಥಿಯ ರೈಲು ಹೊರಟಿರುತ್ತದೆ.

ಹೀಗೆ ಬರೆದರೆ ದುಡ್ಡಿನ ಭಾಗ ಹೇಗಿದ್ದೀತು?

‘ಗೌರವಧನ 5,000 ರೂ. ಪ್ರಯಾಣ ವೆಚ್ಚ ಇದರ ಹೊರತು: ಎಸಿ ಸ್ಲೀಪರ್ ಬಸ್ ಅಥವಾ ರೈಲಿನ ಎಸಿ ಮೂರನೆಯ ದರ್ಜೆ, ಎರಡೂ ಕಡೆ. ಟಿಕೆಟ್ ದಯವಿಟ್ಟು ನೀವೇ ತೆಗೆಯಿರಿ. ಟಿಕೆಟ್ಟಿನ ಪ್ರತಿಯನ್ನು ಕಾರ್ಯಕ್ರಮ ಮುಗಿದ ಹತ್ತು ದಿನದೊಳಗೆ ಖಜಾಂಚಿಗೆ ಕಳಿಸಿ. ಆಟೊ ಖರ್ಚಿಗೆ ನಿಮ್ಮ ಸಹಿಯ ಚೀಟಿ ಸಾಕು. ಅವು ಬಂದ ಏಳು ದಿನದೊಳಗೆ ಎರಡೂ ಮೊತ್ತ ಬೇರೆಬೇರೆಯಾಗಿ ನಿಮ್ಮ ಖಾತೆಗೆ ಬರುತ್ತವೆ. ಕಾರ್ಯಕ್ರಮ ನಮ್ಮ ಕಡೆಯಿಂದ ರದ್ದಾದರೆ ಟಿಕೆಟ್ ರದ್ದತಿಯ ನಷ್ಟ ನಮ್ಮದು.’

ಕೊನೆಯ ವಾಕ್ಯವನ್ನು ಬರೆಯುವವರು ಕಡಿಮೆ. ಗಣ್ಯರ ನಿಧನ, ಚುನಾವಣಾ ನೀತಿ ಸಂಹಿತೆ, ಮಳೆ, ಬಂದ್ ಹೀಗೆ ಏನಾದರೊಂದು ಕಾರಣಕ್ಕೆ ಕಾರ್ಯಕ್ರಮ ಮುಂದೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಕೈಯಿಂದ ದುಡ್ಡು ಹಾಕಿ ಟಿಕೆಟ್ ತೆಗೆದವರು ಆಗ ಕೇಳಲೂ ಆಗದೆ ಬಿಡಲೂ ಆಗದೆ ಉಳಿಯುತ್ತಾರೆ.

ಈ ಇಮೇಲಿಗೆ ಭಾಷಣಕಾರರಲ್ಲದ ಇನ್ನೊಬ್ಬ ಓದುಗರೂ ಇದ್ದಾರೆ. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ವೋಚರು ತಿರುವಿ, ಈ ಆಟೊ ಖರ್ಚಿಗೆ ಬಿಲ್ಲು ಎಲ್ಲಿ, ಶುಕ್ರವಾರ ರಾತ್ರಿಯ ರೂಮಿಗೆ ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಮಿತಿ, ದಿನಾಂಕ, ಹೆಸರು ಎಲ್ಲ ಇರುವ ಇಮೇಲಿನ ಒಂದು ಪ್ರತಿಯನ್ನು ಆ ವೋಚರಿಗೇ ಪಿನ್ನು ಮಾಡಿಟ್ಟರೆ ಖಜಾಂಚಿ ಬೇರೆ ಸಮಜಾಯಿಷಿ ಬರೆಯಬೇಕಾಗಿಲ್ಲ. ‘ಯಥೋಚಿತ’ ಎಂದು ಬರೆದ ಇಮೇಲನ್ನು ಪಿನ್ನು ಮಾಡಿದರೆ ಪರಿಶೋಧಕರು ಮೊದಲು ಪ್ರಶ್ನೆ ಎತ್ತುವುದೇ ಅದರ ಮೇಲೆ.